ಕಾಡಂಚಿನ ಮಾನವ–ವನ್ಯಜೀವಿ ಸಂಘರ್ಷ: ಪರಿಹಾರಧನ ಮತ್ತು ತಡೆ

ಕಾಡಿಗೆ ಹೊಂದಿಕೊಂಡ ಊರುಗಳಲ್ಲಿ ಕಾಡುಪ್ರಾಣಿಗಳಿಂದ ಬೆಳೆಗೆ, ಜಾನುವಾರಿಗೆ, ಮನುಷ್ಯರ ಜೀವಕ್ಕೆ ಆಗುವ ಹಾನಿ ಒಂದು ಕಡೆ; ಅದರ ಸಿಟ್ಟಿನಲ್ಲಿ ಇಲ್ಲವೇ ಹೆದರಿಕೆಯಲ್ಲಿ ಜನರಿಂದ ಪ್ರಾಣಿಗಳಿಗೆ ಆಗುವ ಹಾನಿ ಇನ್ನೊಂದು ಕಡೆ. ಎರಡೂ ಸೇರಿದ್ದೇ ಮಾನವ–ವನ್ಯಜೀವಿ ಸಂಘರ್ಷ. ಇದನ್ನು ನಿಭಾಯಿಸಲು ಸರ್ಕಾರಗಳು ಹಿಡಿದಿರುವ ದಾರಿಗಳು ಮುಖ್ಯವಾಗಿ ಎರಡು: ಹಾನಿಯಾದ ಮೇಲೆ ಹಣ ಕೊಡುವುದು ಮತ್ತು ಹಾನಿ ಆಗದಂತೆ ತಡೆಯುವುದು. ಇವೆರಡರಲ್ಲಿ ಯಾವುದು ಮೇಲು ಎಂದು ಒಟ್ಟಾಗಿ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಆನೆ ಮೇಯ್ದ ರಾಗಿ ಹೊಲಕ್ಕೆ ಸಲ್ಲುವ ಉತ್ತರ ಹುಲಿ ಹಿಡಿದ ಹಸುವಿಗೆ ಸಲ್ಲದು. ಮನುಷ್ಯರ ಪ್ರಾಣಹಾನಿಯ ವಿಷಯದಲ್ಲಿ ಲೆಕ್ಕವೇ ಬೇರೆ. ಆದ್ದರಿಂದ ಈ ಮೂರನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಇಲ್ಲಿ ಹೆಚ್ಚಿನ ಜಾಗವನ್ನು ಮೊದಲನೆಯದಕ್ಕೆ, ಅಂದರೆ ಬಂಡೀಪುರ–ನಾಗರಹೊಳೆ ಅಂಚಿನ ಆನೆ ಮತ್ತು ಬೆಳೆಯ ಪ್ರಕರಣಕ್ಕೆ ಕೊಡಲಾಗಿದೆ.

ಆನೆ ಹೊಲಕ್ಕೆ ಬರುವುದು ಏಕೆ

ಕರ್ನಾಟಕದಲ್ಲಿ 2023ರ ಗಣತಿಯ ಪ್ರಕಾರ 6,395 ಆನೆಗಳಿದ್ದವು. 2025ರಲ್ಲಿ ಹೊರಬಂದ, ಡಿಎನ್‌ಎ ವಿಧಾನದಲ್ಲಿ ಮಾಡಿದ ಅಂದಾಜು 6,013 ಎಂದಿತು. ವಿಧಾನ ಬೇರೆಯಾದ ಕಾರಣ ಎರಡನ್ನೂ ಪಕ್ಕಪಕ್ಕ ಇಟ್ಟು ಆನೆ ಕಡಿಮೆಯಾಯಿತು ಎನ್ನುವಂತಿಲ್ಲ. ಯಾವ ಲೆಕ್ಕ ಹಿಡಿದರೂ ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವುದು ಈ ರಾಜ್ಯದಲ್ಲೇ, ಅವುಗಳಲ್ಲಿ ದೊಡ್ಡ ಪಾಲು ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡುಗಳಲ್ಲಿ.

ಕಾಡಿನಲ್ಲಿ ಮೇವು ಇಲ್ಲದ್ದಕ್ಕೇ ಆನೆ ಹೊಲಕ್ಕೆ ಬರುತ್ತದೆ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅದು ಅರ್ಧ ನಿಜ. ಲಂಟಾನ ಹಬ್ಬಿ ಹುಲ್ಲು ಕಡಿಮೆಯಾಗಿರುವುದು, ಬೇಸಿಗೆಯಲ್ಲಿ ಕೆರೆಗಳು ಬತ್ತುವುದು ಎಲ್ಲವೂ ಇದೆ. ಆದರೆ ಬೆಳೆಗೆ ಆನೆಯ ದಾಳಿ ಜೋರಾಗುವುದು ಬೇಸಿಗೆಯ ಬರದಲ್ಲಿ ಅಲ್ಲ, ಮಳೆ ಮುಗಿದು ಕಾಡು ಇನ್ನೂ ಹಸಿರಾಗಿರುವ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ರಾಗಿ ತೆನೆ ಬಲಿಯುವ ಹೊತ್ತಿನಲ್ಲಿ. 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಸತ್ಯಮಂಗಲದ ಸುತ್ತ ಆನೆಗಳನ್ನು ಹಿಂಬಾಲಿಸಿ ಅಧ್ಯಯನ ಮಾಡಿದ ರಾಮನ್ ಸುಕುಮಾರ್ ಇದಕ್ಕೆ ಕಾರಣವನ್ನು ಆಹಾರದ ಗುಣದಲ್ಲಿ ಕಂಡರು. ಕಾಡುಹುಲ್ಲಿಗಿಂತ ರಾಗಿ, ಭತ್ತಗಳಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಅದೂ ಒಂದೇ ಕಡೆ ಒತ್ತಾಗಿ ಬೆಳೆದು ನಿಂತಿರುತ್ತದೆ. ಅದೇ ಅಧ್ಯಯನ ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿತು: ಬೆಳೆದ ಗಂಡಾನೆಯೊಂದು ವರ್ಷದಲ್ಲಿ ಸರಾಸರಿ 49 ರಾತ್ರಿ ಹೊಲಕ್ಕೆ ಇಳಿದರೆ, ಹೆಣ್ಣಾನೆ ಮರಿಗಳ ಹಿಂಡು ಇಳಿದದ್ದು 8 ರಾತ್ರಿ ಮಾತ್ರ. ಒಳ್ಳೆಯ ಮೇವಿನಿಂದ ಮೈ ದೊಡ್ಡದಾದಷ್ಟೂ ಮದಕ್ಕೆ ಬಂದಾಗ ಎದುರಾಳಿಯನ್ನು ಮಣಿಸಿ ಹೆಣ್ಣನ್ನು ಕೂಡುವ ಅವಕಾಶ ಹೆಚ್ಚು. ಆದ್ದರಿಂದ ಪಟಾಕಿ, ಬೆಂಕಿ, ಬಂದೂಕಿನ ಅಪಾಯವನ್ನೂ ಲೆಕ್ಕಿಸದೆ ಸಲಗ ಹೊಲಕ್ಕೆ ನುಗ್ಗುತ್ತದೆ.

ತಡೆಯ ವಿಚಾರಕ್ಕೆ ಬಂದಾಗ ಈ ಸಂಗತಿಯನ್ನು ಮರೆಯಬಾರದು. ಬೇಲಿಯ ಎದುರು ನಿಲ್ಲುವುದು ಅಂಜುವ ಹಿಂಡಲ್ಲ. ಮತ್ತೆ ಮತ್ತೆ ಬಂದು, ಪರೀಕ್ಷಿಸಿ, ಕಲಿಯುವ ಕೆಲವೇ ಗಂಡಾನೆಗಳು.

ಹಣದ ದಾರಿ

ಕರ್ನಾಟಕ ಅರಣ್ಯ ಇಲಾಖೆ ಬೆಳೆಹಾನಿಗೆ ಕೊಡುವ ಹಣ ದಯಾತ್ಮಕ ಧನ. ಹೊಲದಲ್ಲಿ ಬೆಳೆಯುವ ಬೆಳೆಗಳಿಗೆ ಕ್ವಿಂಟಾಲಿಗೆ ಇಂತಿಷ್ಟು, ತೆಂಗು, ಅಡಿಕೆ, ಕಾಫಿಯಂಥವಕ್ಕೆ ಗಿಡ ಅಥವಾ ಮರಕ್ಕೆ ಇಂತಿಷ್ಟು ಎಂದು ಸರ್ಕಾರ ದರ ನಿಗದಿ ಮಾಡುತ್ತದೆ. 2022ರ ಕೊನೆಯಲ್ಲಿ ಈ ದರಗಳನ್ನು ಇಮ್ಮಡಿ ಮಾಡಲಾಯಿತು. ಅರ್ಜಿ ಈಗ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಸಾಗುತ್ತದೆ, ಹಣ ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಬೀಳುತ್ತದೆ.

ಕಾಗದದ ಮೇಲೆ ಸರಳವಾಗಿ ಕಾಣುವ ಈ ದಾರಿ ಹೊಲದಲ್ಲಿ ಹೇಗೆ ನಡೆಯುತ್ತದೆ ಎಂದು ನೋಡೋಣ. ರಾತ್ರಿ ಆನೆ ಬಂದು ಹೋಗಿದೆ. ಬೆಳಿಗ್ಗೆ ರೈತ ಅರಣ್ಯ ಇಲಾಖೆಯವರಿಗೆ ಫೋನ್ ಮಾಡುತ್ತಾನೆ. ಸಿಬ್ಬಂದಿ ಬಂದು ಫೋಟೊ ತೆಗೆದು, ಮಹಜರು ಮಾಡಿ, ಎಷ್ಟು ಹಾಳಾಗಿದೆ ಎಂದು ಅಂದಾಜು ಹಾಕಬೇಕು. ಈ ಅಂದಾಜೇ ಮೊದಲ ತೊಡಕು. ಆನೆ ರಾಗಿಯನ್ನು ಸೊಂಡಿಲಿನಿಂದ ಬುಡಸಮೇತ ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ, ತೆನೆಯ ಕಡೆಯಿಂದ ತಿಂದು, ಬೇರಿನ ಭಾಗವನ್ನು ಬಿಸಾಡುತ್ತದೆ. ಹೊಲದ ನಡುವೆ ಬೋಳಾದ ಜಾಗ, ಅಲ್ಲಲ್ಲಿ ಒಣಗುತ್ತಿರುವ ಬುಡಗಳು, ಸುತ್ತ ತುಳಿದು ಮಲಗಿದ ಪೈರು ಉಳಿಯುತ್ತದೆ. ತಿಂದದ್ದು ಎಷ್ಟು ಎಂಬುದಕ್ಕೆ ಆ ಬೋಳು ಜಾಗವೇ ಸಾಕ್ಷಿ. ಸಿಬ್ಬಂದಿ ಬರುವುದು ಮೂರು ನಾಲ್ಕು ದಿನ ತಡವಾದರೆ, ಮಲಗಿದ ಪೈರಿನಲ್ಲಿ ಒಂದಷ್ಟು ಎದ್ದು ನಿಂತಿರುತ್ತದೆ, ಇನ್ನಷ್ಟನ್ನು ದನ ಮೇಯ್ದಿರುತ್ತವೆ. ಅದರ ನಡುವೆ ಆನೆ ಎರಡನೇ ಸಲ ಬಂದಿದ್ದರೆ ಯಾವ ರಾತ್ರಿಯ ಹಾನಿ ಎಷ್ಟು ಎಂದು ಹೇಳುವುದೇ ಕಷ್ಟ. ಹೊಲ ಕೊಯ್ದಾದ ಮೇಲೆ ಬಂದರಂತೂ ನೋಡಲು ಏನೂ ಇರುವುದಿಲ್ಲ.

ಎರಡನೇ ತೊಡಕು ಪಹಣಿ. ಅರ್ಜಿಯ ಜೊತೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಬೇಕು. ಕಾಡಂಚಿನ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಬೇಸಾಯ ಮಾಡುತ್ತಿದ್ದರೂ ದಾಖಲೆಯಲ್ಲಿ ಜಂಟಿ ಹೆಸರು ಇರುತ್ತದೆ. ಒಬ್ಬರ ಹೆಸರಿಗೆ ಹಣ ಬರಲು ಉಳಿದವರು ಒಪ್ಪಿಗೆಯ ಸಹಿ ಹಾಕಬೇಕು. ವಾರಕ್ಕೆ ಅಥವಾ ಗುತ್ತಿಗೆಗೆ ಹಿಡಿದು ಉಳುವವನಿಗೆ ದಾಖಲೆಯೇ ಇಲ್ಲ. ಬೆಳೆ ಅವನದು, ಬೀಜ ಗೊಬ್ಬರದ ಸಾಲ ಅವನದು. ಹಣ ಬಂದರೆ ಜಮೀನಿನ ಒಡೆಯನ ಖಾತೆಗೆ. ಹೀಗೆ ಯಾರಿಗೆ ನಷ್ಟ ತಡೆದುಕೊಳ್ಳುವ ಶಕ್ತಿ ಕಡಿಮೆಯೋ ಅವರೇ ಈ ವ್ಯವಸ್ಥೆಯಿಂದ ಹೊರಗುಳಿಯುತ್ತಾರೆ. ದರ ಇಮ್ಮಡಿಯಾದದ್ದರಿಂದ ಅವರಿಗೆ ಏನೂ ಸಿಗಲಿಲ್ಲ.

ಈ ಎರಡೂ ತೊಡಕುಗಳು ಬಿಡಿಸಲಾಗದವೇನಲ್ಲ. 2015ರಲ್ಲಿ ವನ್ಯಜೀವಿ ಅಧ್ಯಯನ ಕೇಂದ್ರ ಬಂಡೀಪುರ ಮತ್ತು ನಾಗರಹೊಳೆಯ ಸುತ್ತಲಿನ ನೂರಾರು ಹಳ್ಳಿಗಳಿಗೆ ‘ವೈಲ್ಡ್ ಸೇವೆ’ ಎಂಬ ನೆರವನ್ನು ಶುರು ಮಾಡಿತು. ಹಾನಿಯಾದವರು ಶುಲ್ಕವಿಲ್ಲದ ಸಂಖ್ಯೆಗೆ ಕರೆ ಮಾಡಿದರೆ, ಆ ಭಾಗದ ಹುಡುಗನೇ ಬೈಕಿನಲ್ಲಿ ಹೊಲಕ್ಕೆ ಬಂದು, ಹಾನಿಯನ್ನು ಅಳೆದು, ಫೋಟೊ ತೆಗೆದು, ಕಾಗದಪತ್ರ ಜೋಡಿಸಿ, ಅರ್ಜಿಯನ್ನು ಅರಣ್ಯ ಇಲಾಖೆಗೆ ಮುಟ್ಟಿಸುತ್ತಾನೆ. ಹಣ ಕೊಡುವುದು ಸರ್ಕಾರವೇ. ಈ ಸಂಸ್ಥೆ ಕೊಡುವುದು ಅರ್ಜಿ ಹಾಕುವ ಶ್ರಮವನ್ನು. ಸಾವಿರಾರು ಕುಟುಂಬಗಳು ಇದನ್ನು ಬಳಸಿವೆ. ಇದರಿಂದ ಇನ್ನೊಂದು ಲಾಭವೂ ಆಗಿದೆ: ಯಾವ ಊರಿನ ಯಾವ ಹೊಲಕ್ಕೆ ಮತ್ತೆ ಮತ್ತೆ ಆನೆ ಬರುತ್ತಿದೆ ಎಂಬುದು ಒಂದೇ ಕಡೆ ದಾಖಲಾಗುತ್ತದೆ. ಬೇಲಿ ಎಲ್ಲಿ ಹಾಕಬೇಕು ಎಂದು ನಿರ್ಧರಿಸಲು ಇದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಇಲ್ಲ. ಪರಿಹಾರದ ಅರ್ಜಿಗಳ ರಾಶಿಯನ್ನು ಖರ್ಚಿನ ಪಟ್ಟಿಯಾಗಿ ಮಾತ್ರ ನೋಡುವ ಕಚೇರಿಗಳು ಈ ಮಾಹಿತಿಯನ್ನು ಪೋಲು ಮಾಡುತ್ತಿವೆ.

ಆದರೂ ಹಣದ ದಾರಿಗೆ ಒಂದು ಮಿತಿ ಉಳಿದೇ ಉಳಿಯುತ್ತದೆ. ಅದು ಕಾಳಿನ ಬೆಲೆಯನ್ನು ಕೊಡಬಲ್ಲದು. ದನಗಳಿಗೆ ವರ್ಷವಿಡೀ ಬೇಕಾಗಿದ್ದ ರಾಗಿ ಹುಲ್ಲನ್ನಾಗಲಿ, ಅಟ್ಟಣೆಯ ಮೇಲೆ ಎರಡು ತಿಂಗಳು ನಿದ್ದೆಗೆಟ್ಟ ರಾತ್ರಿಗಳನ್ನಾಗಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆನೆ ಬರುತ್ತದೆಂದು ಹೊಲವನ್ನೇ ಬೀಳು ಬಿಟ್ಟವನ ನಷ್ಟ ಅದಕ್ಕೆ ಕಾಣಿಸುವುದೇ ಇಲ್ಲ. ಬಿತ್ತದ ಹೊಲಕ್ಕೆ ಮಹಜರು ಎಲ್ಲಿಂದ?

ಕಂದಕ, ಸೋಲಾರ್ ಬೇಲಿ, ರೈಲು ಹಳಿ

ತಡೆಯ ಕ್ರಮಗಳಲ್ಲಿ ಹಳೆಯದು ಆನೆ ಕಂದಕ. ಸುಮಾರು 3 ಮೀಟರ್ ಅಗಲ, 3 ಮೀಟರ್ ಆಳ ತೋಡಿದ ಕಂದಕವನ್ನು ಆನೆ ಹಾರಲಾರದು. ಅದರ ಮೈಕಟ್ಟಿಗೆ ಜಿಗಿತ ಸಾಧ್ಯವಿಲ್ಲ. ಹೊಸದಾಗಿ ತೋಡಿದ ಕಂದಕ ಗಟ್ಟಿ ಮಣ್ಣಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕಾಡಂಚು ಉದ್ದಕ್ಕೂ ಗಟ್ಟಿ ಮಣ್ಣಲ್ಲ. ಬಂಡೆ ಬಂದಲ್ಲಿ ತೋಡಲಾಗುವುದಿಲ್ಲ, ಹಳ್ಳ ದಾಟುವಲ್ಲಿ ತೋಡಿದರೂ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ಸಡಿಲ ಮಣ್ಣಿದ್ದ ಕಡೆ ಆನೆ ಅಂಚನ್ನು ಮುಂಗಾಲಿನಿಂದ ಒದ್ದು ಕೆಡವಿ, ಇಳಿಜಾರು ಮಾಡಿಕೊಂಡು, ಇಳಿದು ಹತ್ತುತ್ತದೆ. ಒಂದೇ ಒಂದು ಕಡೆ ಹೀಗೆ ದಾರಿ ಬಿದ್ದರೆ ಸಾಕು, ಎರಡೂ ಕಡೆಯ ಕಿಲೋಮೀಟರುಗಟ್ಟಲೆ ಕಂದಕ ಇದ್ದೂ ಇಲ್ಲದಂತೆ.

ಸೋಲಾರ್ ಬೇಲಿಯಲ್ಲಿ ಬ್ಯಾಟರಿಯಿಂದ ನಡೆಯುವ ಯಂತ್ರವೊಂದು ತಂತಿಗೆ ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಅತಿ ಕ್ಷಣಿಕ ಹೊಡೆತ ಕೊಡುತ್ತದೆ. ಹೊಡೆತ ಜೋರಾಗಿ ತಗಲುತ್ತದೆ, ಆದರೆ ಒಂದು ಸೆಕೆಂಡಿನ ಸಣ್ಣ ಅಂಶದಷ್ಟು ಹೊತ್ತು ಮಾತ್ರ ಹರಿಯುವುದರಿಂದ ಕೊಲ್ಲುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಇದಕ್ಕಿಂತ ಪೂರ್ತಿ ಬೇರೆ. ಅದು ಕಾನೂನುಬಾಹಿರ, ಆನೆಯನ್ನೂ ಕೊಲ್ಲುತ್ತದೆ, ಕತ್ತಲಲ್ಲಿ ನೀರು ಕಟ್ಟಲು ಹೋದ ಮನೆಯವರನ್ನೂ ಕೊಲ್ಲುತ್ತದೆ. ಬೇಲಿ ಬಿಗಿಯಾಗಿದ್ದಾಗಲೂ ಗಂಡಾನೆ ಅದನ್ನು ಸೋಲಿಸುವ ಬಗೆ ನೋಡುವಂಥದ್ದು: ಸೊಂಡಿಲನ್ನು ಮೇಲೆತ್ತಿ ಹಿಂದಕ್ಕೆ ಮಡಿಸಿಕೊಂಡು, ವಿದ್ಯುತ್ ಹರಿಯದ ದಂತದಿಂದ ತಂತಿಯನ್ನು ಒತ್ತಿ ಕಡಿಯುತ್ತದೆ. ಇಲ್ಲವೇ ಅಂಗಾಲಿನಿಂದ ಕಂಬವನ್ನೇ ಮೆಟ್ಟಿ ಮಲಗಿಸುತ್ತದೆ. ಹತ್ತಿರ ಮರವಿದ್ದರೆ ಅದನ್ನು ಬೇಲಿಯ ಮೇಲೆ ಉರುಳಿಸುತ್ತದೆ. ಎತ್ತರದ ಅಡ್ಡತಂತಿಯಿಂದ ಮಿಡಿಯುವ ತಂತಿಗಳನ್ನು ಇಳಿಬಿಡುವ ತೂಗುಬೇಲಿ ಬಂದದ್ದು ಈ ಉಪಾಯಗಳಿಗೆ ಉತ್ತರವಾಗಿ. ಅಲ್ಲಿ ದಂತದಿಂದ ಒತ್ತಲು ಬಿಗಿಯಾದ ತಂತಿಯೂ ಇಲ್ಲ, ಕಾಲಿಗೆಟಕುವ ಕಂಬವೂ ಇಲ್ಲ.

ಆದರೆ ಸೋಲಾರ್ ಬೇಲಿಗಳನ್ನು ಹೆಚ್ಚಾಗಿ ಕೊಲ್ಲುವುದು ಆನೆಯಲ್ಲ, ಹುಲ್ಲು. ಮಳೆಗಾಲದಲ್ಲಿ ಕೆಳತಂತಿಗೆ ಹಸಿ ಗಿಡಬಳ್ಳಿ ತಾಗಿದರೆ ವಿದ್ಯುತ್ ಅಲ್ಲಿಂದಲೇ ನೆಲಕ್ಕೆ ಸೋರುತ್ತದೆ, ಬೇಲಿಯ ಕೊನೆ ಮುಟ್ಟುವ ಹೊತ್ತಿಗೆ ಹೊಡೆತ ದುರ್ಬಲವಾಗಿರುತ್ತದೆ. ಬ್ಯಾಟರಿಗೆ ನೀರು ಹಾಕದೆ ಬಿಟ್ಟರೆ ಒಂದೆರಡು ವರ್ಷದಲ್ಲಿ ಸತ್ತುಹೋಗುತ್ತದೆ. ಆನೆ ಒಮ್ಮೆ ಸತ್ತ ತಂತಿಯನ್ನು ಮುಟ್ಟಿ ಏನೂ ಆಗದ್ದನ್ನು ಕಂಡರೆ, ಆಮೇಲೆ ಜೀವವಿರುವ ಬೇಲಿಗೂ ಅಷ್ಟಾಗಿ ಅಂಜುವುದಿಲ್ಲ. ಬೇಲಿ ಬದುಕಿದೆಯೇ ಎಂದು ತಿಳಿಯುವ ವಿಧಾನ ಸುಲಭ: ಯಂತ್ರದಿಂದ ಅತಿ ದೂರದ ತುದಿಯಲ್ಲಿ, ಸಂಜೆ ಹೊತ್ತು, ವೋಲ್ಟ್ ಮೀಟರ್ ಹಿಡಿದು ನೋಡಬೇಕು. ಯಂತ್ರದ ಪಕ್ಕದಲ್ಲಿ ನೋಡಿದರೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಹಳೆಯ ರೈಲು ಹಳಿಗಳನ್ನು ಕಾಂಕ್ರೀಟ್ ಬುನಾದಿಯಲ್ಲಿ ನೆಟ್ಟು, ಅಡ್ಡ ಹಳಿಗಳನ್ನು ಬಿಗಿದು ಮಾಡುವ ತಡೆಗೋಡೆ ಕಳೆದ ಒಂದು ದಶಕದಲ್ಲಿ ನಾಗರಹೊಳೆಯ ಅಂಚಿನಲ್ಲಿ ಶುರುವಾಗಿ ಬಂಡೀಪುರ, ಕೊಡಗು, ಹಾಸನಗಳಿಗೆ ಹಬ್ಬಿತು. ಇದಕ್ಕೆ ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಮಿಗಿಲಾಗಿ ಖರ್ಚಾಗುತ್ತದೆ. ನಿರ್ವಹಣೆ ಕಡಿಮೆ, ಬಾಳಿಕೆ ಹೆಚ್ಚು ಎಂಬುದು ಇದರ ಗುಣ. ಆದರೂ 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಹೊಲದಿಂದ ಕಾಡಿಗೆ ಮರಳುತ್ತಿದ್ದ ಸಲಗವೊಂದು ಈ ಗೋಡೆಯನ್ನು ಏರಲು ಹೋಗಿ, ಮೇಲಿನ ಹಳಿಗೆ ಸಿಕ್ಕಿಕೊಂಡು ಸತ್ತಿತು. ಅದು ಮರಳುತ್ತಿದ್ದ ಆನೆ ಎಂಬುದನ್ನು ಗಮನಿಸಬೇಕು. ಎಲ್ಲೋ ಇರುವ ತೆರವಿನಿಂದ ಹೊರಗೆ ಬಂದ ಆನೆಗೆ, ಬೆಳಗಾಗಿ ಜನ ಅಟ್ಟಿಸಿಕೊಂಡು ಬಂದಾಗ ಆ ತೆರವು ಸಿಗದೆ ಹೋಗಬಹುದು. ಅಪೂರ್ಣ ತಡೆಗೋಡೆ ಆನೆಯನ್ನು ಹೊರಗೆ ಬರಲು ಬಿಡುತ್ತದೆ, ಒಳಗೆ ಹೋಗಲು ಬಿಡುವುದಿಲ್ಲ. ಹಣ ಬಂದಷ್ಟೇ ಉದ್ದ ಕಟ್ಟಿ ನಿಲ್ಲಿಸುವ ಕಾಮಗಾರಿ, ತುದಿಯಲ್ಲಿರುವ ಹಳ್ಳಿಗೆ ಮೊದಲಿಗಿಂತ ಹೆಚ್ಚಿನ ಆನೆಗಳನ್ನು ಕಳಿಸುತ್ತದೆ ಎಂಬುದೂ ಇದರೊಂದಿಗೆ ಸೇರಿದ ಸಂಗತಿ.

ಒಂದು ಊರಿನ ಲೆಕ್ಕ

ಹಣ ಮತ್ತು ತಡೆಯನ್ನು ಹೋಲಿಸಲು ಒಂದು ಮಾದರಿ ಲೆಕ್ಕ ಮಾಡಬಹುದು. ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಓದುಗರು ತಮ್ಮ ಊರಿನವನ್ನು ಹಾಕಿ ನೋಡಬಹುದು.

ಗುಂಡ್ಲುಪೇಟೆ ಕಡೆಯ ಒಂದು ಊರಿನಲ್ಲಿ 100 ಮನೆಗಳಿವೆ, ಮನೆಗೆ 2 ಎಕರೆಯಂತೆ ಒಟ್ಟು 200 ಎಕರೆ ರಾಗಿ ಇದೆ ಎಂದುಕೊಳ್ಳೋಣ. ಎಕರೆಗೆ 8 ಕ್ವಿಂಟಾಲ್ ಬೆಳೆದರೆ ಮನೆಗೆ 16 ಕ್ವಿಂಟಾಲ್. ಆನೆ ಒಂದು ಹಂಗಾಮಿನಲ್ಲಿ ಅರ್ಧ ಬೆಳೆ ತೆಗೆದರೆ 8 ಕ್ವಿಂಟಾಲ್ ನಷ್ಟ. 2024–25ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಹಾಗಾಗಿ ಕಾಳಿನ ನಷ್ಟವೇ 34,320 ರೂಪಾಯಿ. ಒಂದು ಮನೆಗೆ ಮೂರು ವರ್ಷಕ್ಕೊಮ್ಮೆ ಇಂಥ ಏಟು ಬಿದ್ದರೆ ವರ್ಷಕ್ಕೆ ಸರಾಸರಿ 11,440 ಆಯಿತು. ಪರಿಹಾರ ಇದರ ಅರ್ಧದಷ್ಟು ಸಿಗುತ್ತದೆ ಎಂದಿಟ್ಟರೂ, ವರ್ಷಕ್ಕೆ 5,700ರಷ್ಟು ನಷ್ಟ ರೈತನ ತಲೆಯ ಮೇಲೇ ಉಳಿಯುತ್ತದೆ. ಅಷ್ಟೇ ಮೊತ್ತ ಸರ್ಕಾರದ ಬೊಕ್ಕಸದಿಂದ ಪ್ರತಿ ವರ್ಷ ಹೋಗುತ್ತಿರುತ್ತದೆ, ಆನೆಯ ಬರವು ಮಾತ್ರ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಈಗ ಬೇಲಿ. ಒಬ್ಬ ರೈತ ತನ್ನ 2 ಎಕರೆಗೆ ಮಾತ್ರ ಬೇಲಿ ಹಾಕಿಕೊಂಡರೆ, ಹೊಲ ಚೌಕವಾಗಿದ್ದರೂ ಸುತ್ತಳತೆ 360 ಮೀಟರ್. ಕಿಲೋಮೀಟರಿಗೆ 3 ಲಕ್ಷದಂತೆ ಹಿಡಿದರೆ ಒಂದು ಲಕ್ಷಕ್ಕೂ ಹೆಚ್ಚು ಖರ್ಚು. ಅದೇ 200 ಎಕರೆಯನ್ನು ಒಟ್ಟಾಗಿ ಸುತ್ತಿದರೆ ಸುತ್ತಳತೆ ಸುಮಾರು 4 ಕಿಲೋಮೀಟರ್, ಖರ್ಚು 12 ಲಕ್ಷ, ಮನೆಗೆ 12,000. ನೂರು ಜನ ಬೇರೆಬೇರೆಯಾಗಿ ಹಾಕಿದರೆ 36 ಕಿಲೋಮೀಟರ್ ತಂತಿ ಬೇಕು, ಒಟ್ಟಾಗಿ ಹಾಕಿದರೆ ಅದರ ಒಂಬತ್ತನೇ ಒಂದು ಪಾಲು ಸಾಕು. ಬೇಲಿ ಏಳು ವರ್ಷ ಬಾಳಿದರೆ ಮನೆಗೆ ವರ್ಷಕ್ಕೆ 1,700. ಗಿಡ ಸವರಲು, ತಂತಿ ನೋಡಿಕೊಳ್ಳಲು ಒಬ್ಬರ ಕೂಲಿ, ಬ್ಯಾಟರಿ ಬದಲಿಸಲು ಒಂದಿಷ್ಟು ಎಂದು ವರ್ಷಕ್ಕೆ ಮನೆಗೆ ಇನ್ನೊಂದು 1,000. ಒಟ್ಟು 2,700. ಬೇಲಿ ದಾಳಿಯಲ್ಲಿ ನೂರಕ್ಕೆ ಎಪ್ಪತ್ತನ್ನು ತಡೆದರೆ ಉಳಿತಾಯ 8,000.

ಬೆಳೆಯ ವಿಷಯದಲ್ಲಿ ತಡೆಯೇ ಲಾಭ ಎಂದು ಈ ಲೆಕ್ಕ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಲೆಕ್ಕ ನಿಂತಿರುವುದು ಆ ಸಣ್ಣ 1,000 ರೂಪಾಯಿಯ ಮೇಲೆ. ಅದು ನಿಂತರೆ ಬೇಲಿ ಎರಡನೇ ಮಳೆಗಾಲಕ್ಕೆ ಸಾಯುತ್ತದೆ, 12 ಲಕ್ಷ ನೀರಿನಲ್ಲಿ ಹೋದಂತೆ. ಸರ್ಕಾರಿ ಯೋಜನೆಗಳಲ್ಲಿ ಬೇಲಿ ಹಾಕಲು ಹಣ ಬರುತ್ತದೆ, ಹುಲ್ಲು ಸವರಲು ಬರುವುದು ಅಪರೂಪ. ಯಾವ ಊರಿನಲ್ಲಿ ರೈತರೇ ಸಂಘ ಮಾಡಿಕೊಂಡು, ಮನೆಗಿಷ್ಟು ವಂತಿಗೆ ಎತ್ತಿ, ಸರದಿಯಂತೆ ನೋಡಿಕೊಳ್ಳುತ್ತಾರೋ ಅಲ್ಲಿ ಬೇಲಿ ಬದುಕುತ್ತದೆ. ಶ್ರೀಲಂಕಾದಲ್ಲಿ ಪೃಥ್ವಿರಾಜ್ ಫರ್ನಾಂಡೊ ಮತ್ತು ಅವರ ಸಂಗಡಿಗರು ಇದನ್ನೇ ಮಾಡಿ ತೋರಿಸಿದ್ದಾರೆ. ಅಲ್ಲಿ ಕಾಡಿನ ಸರಹದ್ದಿಗೆ ಇಲಾಖೆ ಹಾಕಿದ ಎಷ್ಟೋ ಬೇಲಿಗಳ ಎರಡೂ ಕಡೆ ಆನೆಗಳಿದ್ದವು, ಅವು ಏನನ್ನೂ ತಡೆಯುತ್ತಿರಲಿಲ್ಲ. ಬದಲಿಗೆ ಊರಿನ ಸುತ್ತ ಕಾಯಂ ಬೇಲಿ, ಗದ್ದೆಯ ಸುತ್ತ ಬೆಳೆಯಿರುವ ತಿಂಗಳುಗಳಲ್ಲಿ ಮಾತ್ರ ಬೇಲಿ ಹಾಕಿ, ಕೊಯ್ಲಾದ ಮೇಲೆ ರೈತರೇ ತೆಗೆದಿಡುವ ಪದ್ಧತಿ ತಂದರು. ಕೊಯ್ದ ಗದ್ದೆಯ ಕೂಳೆ ಆನೆಗೆ, ಬೆಳೆ ರೈತನಿಗೆ. ನಮ್ಮ ಮಳೆಯಾಶ್ರಿತ ರಾಗಿಗೂ ಇದು ಚೆನ್ನಾಗಿ ಹೊಂದುತ್ತದೆ. ಬಾಳೆ, ಶುಂಠಿ, ತೆಂಗು ಹಾಕಿ ವರ್ಷವಿಡೀ ಹಸಿರಿಟ್ಟ ತೋಟಗಳಿಗೆ ಹೊಂದುವುದಿಲ್ಲ.

ಹುಲಿ ಹಿಡಿದ ಹಸು

ಬೆಳೆಯಲ್ಲಿ ಹಣ ಬರುವುದು ಹಾನಿ ಮುಗಿದ ಮೇಲೆ. ಜಾನುವಾರಿನ ವಿಷಯದಲ್ಲಿ ಹಾಗಲ್ಲ. ಇಲ್ಲಿ ಬೇಗ ಬಂದ ಹಣವೇ ತಡೆಯಾಗುತ್ತದೆ. ಹುಲಿ ದೊಡ್ಡ ಹಸುವನ್ನು ಕೊಂದರೆ ಒಂದೇ ಊಟಕ್ಕೆ ಮುಗಿಸುವುದಿಲ್ಲ. ಪೊದೆಗೆ ಎಳೆದಿಟ್ಟು ಎರಡು ಮೂರು ದಿನ ಮರಳಿ ಬಂದು ತಿನ್ನುತ್ತದೆ. ವಿಷ ಇಡಬೇಕು ಎಂದುಕೊಂಡವನಿಗೆ ಇರುವ ಸಮಯವೂ ಅದೇ ಎರಡು ಮೂರು ದಿನ.

2025ರ ಜೂನ್ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಒಂದು ಹಸುವಿನ ಬೆಲೆಗೂ ಐದು ಹುಲಿಗಳ ಬೆಲೆಗೂ ಹೋಲಿಕೆ ಇಲ್ಲ. ಹಾಗಿದ್ದರೂ ಆ ಹೊತ್ತಿನಲ್ಲಿ ಹಸುವಿನ ಒಡೆಯನ ಮನೆಗೆ ಮೊದಲು ಏನು ತಲುಪುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ತಿಂಗಳ ನಂತರ ಖಾತೆಗೆ ಬೀಳುವ ಹಣ, ದರ ಎಷ್ಟೇ ಒಳ್ಳೆಯದಿರಲಿ, ಆ ಎರಡು ದಿನಗಳಲ್ಲಿ ಯಾವ ಕೆಲಸವನ್ನೂ ಮಾಡದು. ಉತ್ತರಾಖಂಡದ ಕಾರ್ಬೆಟ್ ಸುತ್ತಮುತ್ತ ಸ್ವಯಂಸೇವಾ ಸಂಸ್ಥೆಗಳು ಬಹಳ ವರ್ಷಗಳಿಂದ ತಾತ್ಕಾಲಿಕ ನೆರವು ನಡೆಸುತ್ತಿರುವುದು ಇದೇ ತಿಳಿವಿನಿಂದ: ಸುದ್ದಿ ಬಂದ ಕೂಡಲೇ ಹೋಗಿ, ಸತ್ತ ದನವನ್ನು ನೋಡಿ, ಅಲ್ಲೇ ಒಂದಿಷ್ಟು ಹಣ ಕೊಡುತ್ತಾರೆ, ಕಳೇಬರವನ್ನು ಮುಟ್ಟದೆ ಹುಲಿಗೆ ಬಿಡಬೇಕೆಂಬುದು ಷರತ್ತು. ಸರ್ಕಾರದ ಪರಿಹಾರ ತನ್ನ ಪಾಡಿಗೆ ಆಮೇಲೆ ಬರುತ್ತದೆ. ಇಲ್ಲಿ ಮೊತ್ತಕ್ಕಿಂತ ಗಂಟೆಗಳು ಮುಖ್ಯ. ಜೊತೆಗೆ, ಹಣ ತಂದವರು ಬಂದು ನಿಂತಿದ್ದರಿಂದಲೇ ಕಳೇಬರದ ಮೇಲೆ ಒಂದು ಕಣ್ಣು ಬಿದ್ದಂತಾಗುತ್ತದೆ.

ಈ ಪರಿಹಾರದಿಂದಲೂ ಹೊರಗುಳಿದ ಒಂದು ಗುಂಪಿದೆ. ವನ್ಯಧಾಮದ ಒಳಗೆ ಮೇಯಲು ಬಿಟ್ಟ ದನ ಸತ್ತರೆ ಪರಿಹಾರ ಕೇಳುವುದೇ ಕಷ್ಟ, ಏಕೆಂದರೆ ಅಲ್ಲಿ ಮೇಯಿಸಿದ್ದೇ ತಪ್ಪಾಗುತ್ತದೆ. ಮಹದೇಶ್ವರ ಬೆಟ್ಟದ ಸುತ್ತಿನ ಊರುಗಳಿಗೆ ತಲೆಮಾರುಗಳಿಂದ ಬೇರೆ ಗೋಮಾಳವೇ ಇಲ್ಲ. ಅಂಥ ಒಡೆಯ ಹಸು ಸತ್ತದ್ದನ್ನು ಯಾರಿಗೂ ಹೇಳುವುದಿಲ್ಲ. ಹೇಳದ ಸಾವಿನ ಮೇಲೆಯೇ ವಿಷ ಬೀಳುವ ಸಂಭವ ಹೆಚ್ಚು.

ಮನುಷ್ಯರ ಸಾವು

ಕಾಡುಪ್ರಾಣಿಯಿಂದ ಸತ್ತವರ ಕುಟುಂಬಕ್ಕೆ ಕರ್ನಾಟಕ ಕೊಡುವ ಮೊತ್ತ 2022ರ ಕೊನೆಯಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿತು. ಇನ್ನೂ ಹೆಚ್ಚಿಸಬೇಕೆಂಬ ಒತ್ತಾಯ ಆಮೇಲೂ ನಿಲ್ಲಲಿಲ್ಲ. ಆ ಹಣ ಕುಟುಂಬಕ್ಕೆ ಬೇಕೇ ಬೇಕು, ತಡವಿಲ್ಲದೆ ಸಿಗಬೇಕು. ಆದರೆ ಅದನ್ನು ತಡೆಯೊಂದಿಗೆ ಹೋಲಿಸುವ ಪ್ರಶ್ನೆಯೇ ಇಲ್ಲ. ಇಲ್ಲಿ ಕೇಳಬೇಕಾದದ್ದು ತಡೆ ಯಾವ ಬಗೆಯದು ಎಂದು.

ತಮಿಳುನಾಡಿನ ವಾಲ್ಪಾರೈ ಪ್ರಸ್ಥಭೂಮಿಯಲ್ಲಿ ಚಹಾ ತೋಟಗಳ ನಡುವೆ ಆನೆಗಳು ಓಡಾಡುತ್ತವೆ. ಬೇಲಿ ಹಾಕಲು ಅಲ್ಲಿ ಕಾಡಂಚು ಎಂಬುದೇ ಇಲ್ಲ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಸಂಗಡಿಗರು ಅಲ್ಲಿನ ಸಾವುಗಳನ್ನು ಒಂದೊಂದಾಗಿ ನೋಡಿದಾಗ, ಬಹುತೇಕ ಜನ ಸತ್ತದ್ದು ಆನೆ ಹತ್ತಿರದಲ್ಲಿರುವುದು ಗೊತ್ತಿಲ್ಲದೆ, ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಎಂಬುದು ಕಂಡಿತು. ಆದ್ದರಿಂದ ಅವರು ಆನೆಯನ್ನು ತಡೆಯುವ ಬದಲು ಆನೆಯ ಸುದ್ದಿಯನ್ನು ಹರಡಿದರು: ಸ್ಥಳೀಯ ಕೇಬಲ್ ಟಿವಿಯಲ್ಲಿ ಸಂಜೆ ಓಡುವ ಸಾಲು, ಫೋನಿಗೆ ಸಂದೇಶ, ಆಯಕಟ್ಟಿನ ಜಾಗಗಳಲ್ಲಿ ಮೊಬೈಲಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪ. ದೀಪ ಮಿನುಗುತ್ತಿದ್ದರೆ ಸುತ್ತಮುತ್ತ ಆನೆ ಇದೆ ಎಂದು ಅರ್ಥ. ಸಾವುಗಳು ಕಡಿಮೆಯಾದವು. 2015ರಲ್ಲಿ ಈ ಕೆಲಸಕ್ಕೆ ವಿಟ್ಲಿ ಪ್ರಶಸ್ತಿ ಬಂತು.

ಹಾಸನ ಜಿಲ್ಲೆಯ ಆಲೂರು–ಸಕಲೇಶಪುರ ಭಾಗದ ಸ್ಥಿತಿಯೂ ಇದಕ್ಕೆ ಹತ್ತಿರ. ಆನೆಗಳು ಕಾಫಿ ತೋಟಗಳಲ್ಲೇ ನೆಲೆಸಿವೆ. ಹೈಕೋರ್ಟಿನ ಸೂಚನೆಯಂತೆ ಸುಕುಮಾರ್ ನೇತೃತ್ವದಲ್ಲಿ ರಚನೆಯಾದ ಕಾರ್ಯಪಡೆ 2012ರಲ್ಲಿ ರಾಜ್ಯವನ್ನು ಆನೆ ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆ ತೆರವಿನ ವಲಯ ಎಂದು ವಿಂಗಡಿಸಿ, ಈ ಭಾಗದಿಂದ ಆನೆಗಳನ್ನು ಹಿಡಿದು ತೆಗೆಯಬೇಕೆಂದು ಶಿಫಾರಸು ಮಾಡಿತು. ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ಕೆಲ ವರ್ಷಗಳಲ್ಲಿ ಬೇರೆ ಆನೆಗಳು ಬಂದು ಆ ಜಾಗ ತುಂಬಿದವು. ಹಿಡಿದು ದೂರ ಬಿಡುವುದರ ಫಲವೂ ಅಷ್ಟಕ್ಕಷ್ಟೇ: ಶ್ರೀಲಂಕಾದಲ್ಲಿ ರೇಡಿಯೊ ಕಾಲರ್ ಹಾಕಿ ಬಿಟ್ಟ ಗಂಡಾನೆಗಳಲ್ಲಿ ಕೆಲವು ಹಿಂದಿನ ಜಾಗಕ್ಕೇ ಮರಳಿದವು, ಕೆಲವು ಹೊಸ ಊರುಗಳಲ್ಲಿ ಅಲೆದವು, ಕೆಲವೇ ನೆಲೆ ನಿಂತವು. ಹಿಡಿಯುವ ಕಾರ್ಯಾಚರಣೆಯ ಅಪಾಯ ಇದಕ್ಕೆ ಸೇರುತ್ತದೆ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಸತ್ತದ್ದು ಇಂಥದ್ದೇ ಕಾರ್ಯಾಚರಣೆಯಲ್ಲಿ, ಕಾಡಾನೆಯೊಂದಿಗೆ ಕಾದಾಡುತ್ತ. ಈಗ ಅಲ್ಲಿ ಆನೆಗಳ ಜಾಡು ಹಿಡಿಯುವ ತಂಡಗಳು, ಸಂದೇಶಗಳು, ಸೂಚನಾ ದೀಪಗಳು ಬಂದಿವೆ. ಇವು ಕಾಫಿ ಗಿಡವನ್ನಾಗಲಿ ಗದ್ದೆಯನ್ನಾಗಲಿ ಉಳಿಸುವುದಿಲ್ಲ. ಮುಂಜಾನೆ ತೋಟಕ್ಕೆ ಹೊರಟ ಕೂಲಿಯವರು ಬೇರೆ ದಾರಿ ಹಿಡಿಯುವಂತೆ ಮಾಡುತ್ತವೆ. ಬೆಳೆಯ ನಷ್ಟಕ್ಕೆ ಅಲ್ಲಿ ಪರಿಹಾರಧನವೇ ಗತಿ.

ವಿಮೆ

ಪರಿಹಾರಧನ ಮತ್ತು ತಡೆ, ಇವೆರಡರ ನಡುವೆ ಮೂರನೇ ದಾರಿಯೊಂದು ತೆರೆಯುತ್ತಿದೆ. ಕಾಡುಪ್ರಾಣಿಗಳಿಂದಾದ ಬೆಳೆಹಾನಿಯನ್ನು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. 2026ರ ಮುಂಗಾರಿನಿಂದ ಜಾರಿ ಎಂದೂ, ಹಾನಿಯಾದ 72 ಗಂಟೆಗಳ ಒಳಗೆ ಸ್ಥಳದ ಗುರುತಿರುವ ಫೋಟೊ ಸಮೇತ ವರದಿ ಮಾಡಬೇಕು ಎಂದೂ ತಿಳಿಸಿತು. ಮಹಜರಿಗೆ ಕಾದು ಕೂರುವ ಬದಲು ರೈತನೇ ಫೋಟೊ ತೆಗೆದು ಕಳಿಸಬಹುದೆಂದರೆ ಸಾಕ್ಷಿಯ ತೊಡಕು ಸಡಿಲವಾಗುತ್ತದೆ. ಕಾಡಂಚಿನಲ್ಲಿ ಇದನ್ನು ಜಾರಿಗೆ ತರುವವರು ಎರಡನ್ನು ಮೊದಲೇ ನೋಡಿಕೊಳ್ಳಬೇಕು. ಒಂದು, ಮೊಬೈಲ್ ಸಿಗ್ನಲ್ ಸಿಗದ ಹಾಡಿ, ಪೋಡು, ಊರುಗಳಲ್ಲಿ 72 ಗಂಟೆಯ ಗಡುವನ್ನು ಯಾರು, ಹೇಗೆ ಮುಟ್ಟಿಸುತ್ತಾರೆ. ವೈಲ್ಡ್ ಸೇವೆಯ ಬೈಕಿನ ಹುಡುಗರಂಥವರು ಇಲ್ಲಿಯೂ ಬೇಕಾಗುತ್ತಾರೆ. ಎರಡು, ವಾರಕ್ಕೆ ಉಳುವವನು ವಿಮೆಯ ಕಂತು ಕಟ್ಟಲು ತನ್ನ ಹೆಸರಿನಲ್ಲಿ ಬೆಳೆ ತೋರಿಸುವುದು ಹೇಗೆ. ಅವನ ಹೆಸರು ಬೆಳೆ ಸಮೀಕ್ಷೆಯ ದಾಖಲೆಗೆ ಬಿತ್ತನೆಯ ಹೊತ್ತಿನಲ್ಲೇ ಸೇರದಿದ್ದರೆ, ತೆನೆ ಬಲಿತಾಗ ಆನೆ ಬಂದು ಹೋದ ಮೇಲೆ ಸೇರಿಸಲು ಸಮಯವಿರುವುದಿಲ್ಲ.